ಎರಡು ವಿವರಣೆ, ಒಂದು ಕಡತ

ಇದು ನಡೆದದ್ದು ಐವತ್ತೆಂಟರಲ್ಲೋ ಐವತ್ತೊಂಬತ್ತರಲ್ಲೋ ನನಗೆ ಖಾತ್ರಿಯಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಮದುವೆ ಮನೆಗಳಲ್ಲಿ, ರೈಲಿನಲ್ಲಿ, ಊಟದ ಪಂಕ್ತಿಯಲ್ಲಿ ಹೇಳಿ ಹೇಳಿ ಸೇರಿಸಿಕೊಂಡದ್ದು ಎಂಬುದೂ ಖಾತ್ರಿಯಿಲ್ಲ. ಒಂದು ಕತೆಯನ್ನು ಇಪ್ಪತ್ತು ಸಲ ಹೇಳಿದವನಿಗೆ ನೆನಪಿರುವುದು ಹತ್ತೊಂಬತ್ತನೆಯ ಸಲ ಹೇಳಿದ್ದು ಮಾತ್ರ. ಕೋಣೆಯಲ್ಲಿ ಮೊದಲು ನಕ್ಕವರು ಯಾರು? ಹೇಳುವಾಗಲೆಲ್ಲ ಒಬ್ಬೊಬ್ಬರನ್ನು ನಗಿಸಿದ್ದೇನೆ. ಒಮ್ಮೆ ನಾನೇ ನಕ್ಕೆ ಎಂದೂ ಹೇಳಿದ್ದೇನೆ. ಅದು ಮಾತ್ರ ಶುದ್ಧ ಸುಳ್ಳು.

ಯಶವಂತಪುರದ ಹೊರಗೆ ನೀರೆತ್ತುವ ಪಂಪುಗಳಿಗೆ ಮೋಟಾರು ಮಾಡುವ ಒಂದು ಕಾರ್ಖಾನೆಯಿತ್ತು. ಅದರ ಹೆಸರು ಇಲ್ಲಿ ಬೇಕಿಲ್ಲ. ಹೆಬ್ಬಾಳದ ನಮ್ಮ ಮನೆಯಿಂದ ಮತ್ತಿಕೆರೆ ದಾಟಿ ಸೈಕಲ್ಲಿನಲ್ಲಿ ಮುಕ್ಕಾಲು ಗಂಟೆ. ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಮಾಡಿದವನು ನಾನೊಬ್ಬನೇ, ಅದೂ ಭೌತಶಾಸ್ತ್ರದಲ್ಲಿ. ದ್ರಾಕ್ಷಿ ತೋಟ ನೋಡಿಕೊಳ್ಳುವ ಅಣ್ಣಂದಿರಿಗೆ ನಾನು ಕಲಿತದ್ದೇನು ಎಂದು ಕೊನೆಯವರೆಗೂ ಅರ್ಥವಾಗಲಿಲ್ಲ. ಕಾರ್ಖಾನೆಗೂ ಆಗಲಿಲ್ಲವೆಂದು ಕಾಣುತ್ತದೆ. ನನ್ನನ್ನು ಪ್ರೋಗ್ರೆಸ್ ವಿಭಾಗಕ್ಕೆ ಹಾಕಿದರು.

ಪ್ರೋಗ್ರೆಸ್ ಎಂದರೆ ಪ್ರಗತಿ. ಆದರೆ ನಾವು ಮಾಡುತ್ತಿದ್ದದ್ದು ಕಾರ್ಡು ಹಿಡಿದು ಓಡಾಡುವ ಕೆಲಸ. ಪ್ರತಿಯೊಂದು ಭಾಗಕ್ಕೂ ಒಂದು ಕಾರ್ಡು ಇರುತ್ತಿತ್ತು. ಮೋಟಾರಿನ ನಡುವೆ ತಿರುಗುವ ಶಾಫ್ಟು ಮೊದಲು ಕಡೆಯುವ ಲೇತಿಗೆ ಹೋಗಬೇಕು, ಅಲ್ಲಿಂದ ಗ್ರೈಂಡಿಂಗಿಗೆ, ಅಲ್ಲಿಂದ ತಪಾಸಣೆಗೆ. ಈಗ ಎಲ್ಲಿದೆ, ಯಾವಾಗ ಮುಗಿಯುತ್ತದೆ ಎಂದು ಆಯಾ ಶಾಪಿನ, ಅಂದರೆ ಕೆಲಸದ ಶೆಡ್ಡಿನ, ಫೋರ್‌ಮನ್ನನ್ನು ಕೇಳಿ ಕಾರ್ಡಿನ ಮೇಲೆ ಬರೆಯಬೇಕು. ಫೋರ್‌ಮನ್ ಯಾವಾಗಲೂ "ನಾಳೆ" ಎನ್ನುತ್ತಿದ್ದ. ನಾನು "ನಾಳೆ" ಎಂದು ಬರೆಯುತ್ತಿದ್ದೆ. ಮಾರನೆಯ ದಿನ ಹೋಗಿ ಕೇಳಿದರೆ ಅವನು ನನ್ನನ್ನೇ ದಿಟ್ಟಿಸಿ ನೋಡಿ, "ನಾಳೆ ಅಂದಿದ್ನಲ್ರೀ, ಇನ್ನೂ ನಾಳೆ ಆಗಿಲ್ಲವಲ್ಲ!" ಎನ್ನುತ್ತಿದ್ದ. ಶನಿವಾರದ ಸಭೆಯಲ್ಲಿ ನನ್ನ ಕಾರ್ಡುಗಳನ್ನು ಒಟ್ಟುಗೂಡಿಸಿ ಓದುತ್ತಿದ್ದರು. ಇನ್ನೂರು ನಾಳೆಗಳು.

ನಂಬುವುದು ನನಗೆ ಹುಟ್ಟಿನಿಂದ ಕಷ್ಟ. ಬಾಲ್ಯದಲ್ಲಿ ಹೆಬ್ಬಾಳದ ಕೆರೆಗೆ ತಳವೇ ಇಲ್ಲ ಎಂದು ಯಾರೋ ಹೇಳಿದ್ದಕ್ಕೆ ಹಗ್ಗಕ್ಕೆ ಕಲ್ಲು ಕಟ್ಟಿ ಬಿಡಲು ಹೋಗಿ ಅಪ್ಪನ ಕೈಲಿ ಏಟು ತಿಂದವನು ನಾನು. ಅಂಥವನ ಕೈಗೆ, ಯಾರೂ ನಂಬದ ಮಾತನ್ನು ದಿನಕ್ಕೆ ಇನ್ನೂರು ಸಲ ಬರೆಯುವ ಕೆಲಸ ಬಂದಿತ್ತು. ಎರಡು ವರ್ಷವಾಗುವಷ್ಟರಲ್ಲಿ ನನ್ನ ಕೈಬರಹವೇ ಕೆಟ್ಟಿತ್ತು.

ಅದೇ ಕಾರ್ಖಾನೆಯ ಇನ್ನೊಂದು ಮೂಲೆಯಲ್ಲಿ ಗೇಜ್ ರೂಮಿತ್ತು. ಅಳೆಯುವ ಸಲಕರಣೆಗಳನ್ನೇ ಅಳೆಯುವ ಕೋಣೆ. ಶಾಪುಗಳಲ್ಲಿ ಬಳಸುವ ಮೈಕ್ರೊಮೀಟರುಗಳು, ಗೇಜುಗಳು ಸರಿಯಿವೆಯೋ ಇಲ್ಲವೋ ಎಂದು ಅಲ್ಲಿ ಪರೀಕ್ಷಿಸುತ್ತಿದ್ದರು. ಬಿಸಿಯಾದರೆ ಉಕ್ಕು ಹಿಗ್ಗುತ್ತದೆ. ಆದ್ದರಿಂದ ಆ ಕೋಣೆಯನ್ನು ಸದಾ ಅರವತ್ತೆಂಟು ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಇಡಬೇಕು. ಇಡೀ ಕಾರ್ಖಾನೆಯಲ್ಲಿ ತಣ್ಣನೆಯ ಗಾಳಿಯ ಯಂತ್ರ ಇದ್ದದ್ದು ಅಲ್ಲಿ ಮಾತ್ರ. ಜನರಲ್ ಮ್ಯಾನೇಜರರ ಕೋಣೆಯಲ್ಲೂ ಫ್ಯಾನೇ. ಒಳಗೆ ಹೋಗುವವರು ಹೊರಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು, ದೇವಸ್ಥಾನದಂತೆ. ಆ ಬೇಸಿಗೆಯಲ್ಲಿ ಅಲ್ಲಿದ್ದ ಇನ್‌ಸ್ಪೆಕ್ಟರುಗಳಲ್ಲಿ ಒಬ್ಬರು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತೆಂದು ಬಿಟ್ಟುಹೋದರು. ಒಂದು ಜಾಗ ಖಾಲಿಯಾಯಿತು. ತಿಂಗಳ ಕೊನೆಯೊಳಗೆ ಒಳಗಿನವರು ಯಾರೂ ಬರದಿದ್ದರೆ ಉದ್ಯೋಗ ವಿನಿಮಯ ಕಚೇರಿಗೆ ಬರೆದು ಹೊರಗಿನಿಂದ ಹೊಸಬರನ್ನು ತೆಗೆದುಕೊಳ್ಳುತ್ತಾರೆ ಎಂದು ಸುದ್ದಿ. ಹಾಗೆ ತುಂಬಿದ ಜಾಗ ಮತ್ತೆ ಖಾಲಿಯಾಗಬೇಕಾದರೆ ಇನ್ನೊಬ್ಬರು ನಿವೃತ್ತರಾಗಬೇಕು, ಇಲ್ಲವೇ ಸಾಯಬೇಕು. ಅಲ್ಲಿದ್ದವರೆಲ್ಲ ತಣ್ಣಗೆ ಕೂತು ಆರೋಗ್ಯವಾಗಿದ್ದರು.

ಆ ಜಾಗ ನನಗೆ ಬೇಕಾಗಿತ್ತು. ಆ ತಿಂಗಳು ನಾನು ಬೇರೆ ಯಾವುದನ್ನೂ ಯೋಚಿಸಲಿಲ್ಲ.

ಪಕ್ಕದ ಮೇಜಿನ ಗೆಳೆಯನಿಗೆ ಮೊದಲು ಹೇಳಿದೆ. ಅವನು ಯಲಹಂಕದವನು. ಯಾವುದನ್ನೂ ಗಂಭೀರವಾಗಿ ತೆಗೆದುಕೊಳ್ಳದ ಪ್ರಾಣಿ.

"ಗೊತ್ತಾಯ್ತು ಬಿಡು ಗುರು, ತಣ್ಣಗೆ ಕೂತ್ಕೊಳ್ಳೋಕೆ."

"ಅದಕ್ಕಲ್ಲ ಕಣೋ. ಅಲ್ಲಿ ಅಳೆದದ್ದನ್ನ ಬರೀತಾರೆ. ಇಲ್ಲಿ ಯಾರೋ ಹೇಳಿದ್ದನ್ನ ಬರೀತೀವಿ."

"ಅದೇ ಅಂದೆ. ಸತ್ಯ ತಣ್ಣಗಿರುತ್ತೆ, ಸುಳ್ಳು ಬೆವರುತ್ತೆ. ಏಪ್ರಿಲ್‌ನಲ್ಲಿ ಎಲ್ಲರಿಗೂ ಸತ್ಯ ಬೇಕು."

ಆಮೇಲೆ ನಾನು ಯಾರ ಹತ್ತಿರ ಏನು ಹೇಳಿದರೂ ಅವರು ಮೊದಲು ನಕ್ಕು ಅಂಗಿಯ ಕಾಲರು ಬೀಸಿಕೊಳ್ಳುತ್ತಿದ್ದರು. ಮನೆಯಲ್ಲಿ ಅಮ್ಮ ಮಾತ್ರ ಆತಂಕಪಟ್ಟಳು. "ನಿಂಗೆ ಮೊದ್ಲೇ ನೆಗಡಿ ಸ್ವಭಾವ" ಎಂದಳು.

ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗಬೇಕಾದರೆ ನಮ್ಮಲ್ಲಿ ಒಂದು ಕ್ರಮವಿತ್ತು. ಜನರಲ್ ಮ್ಯಾನೇಜರರ ಹೆಸರಿಗೆ ಅರ್ಜಿ ಬರೆದು ಅದನ್ನು ನಮ್ಮ ವಿಭಾಗದ ಮುಖ್ಯಸ್ಥರ ಮೂಲಕವೇ ಕಳಿಸಬೇಕು. ನೇರವಾಗಿ ಕಳಿಸಿದರೆ ಯಾರೂ ಓದುವುದಿಲ್ಲ. ನಮ್ಮ ಮುಖ್ಯಸ್ಥರು "ಇವನನ್ನು ಬಿಟ್ಟುಕೊಡಬಹುದು" ಎಂದು ಬರೆಯಬೇಕು. ಆ ಕಡೆಯ ಮುಖ್ಯಸ್ಥರು "ಇವನನ್ನು ತೆಗೆದುಕೊಳ್ಳಬಹುದು" ಎಂದು ಬರೆಯಬೇಕು. ಇಬ್ಬರೂ ಬರೆದ ಮೇಲೆ ಮೇಲಿನವರು ಒಪ್ಪುತ್ತಾರೆ. ಅಂದರೆ ನಾನು ಇಬ್ಬರನ್ನು ಒಪ್ಪಿಸಬೇಕು, ಒಂದೇ ಮನುಷ್ಯನ ಬಗ್ಗೆ.

ನಮ್ಮ ಪ್ರೋಗ್ರೆಸ್ ಮುಖ್ಯಸ್ಥರನ್ನು ನಾವೆಲ್ಲ ಬೆನ್ನ ಹಿಂದೆ ಯಜಮಾನರು ಎನ್ನುತ್ತಿದ್ದೆವು. ಚಿಕ್ಕಜಾಲದ ಕಡೆಯವರು, ಲೇತಿನ ಮೇಲೆ ಕೈ ಕಪ್ಪು ಮಾಡಿಕೊಂಡು ಮೇಲೆ ಬಂದವರು. ದೊಡ್ಡ ಗಂಟಲು. ಬಿ.ಎಸ್ಸಿ. ಎಂಬ ಮಾತು ಕೇಳಿದರೆ ಹುಬ್ಬು ಏರಿಸುತ್ತಿದ್ದರು. ಆದರೆ ಸಿಟ್ಟು ಬಂದಾಗಲೂ ತಮ್ಮ ಕೈಕೆಳಗಿನವನನ್ನು ಬೇರೆಯವರ ಮುಂದೆ ಬಿಟ್ಟುಕೊಡುತ್ತಿರಲಿಲ್ಲ. ಯಾರನ್ನೂ ಬೇರೆ ವಿಭಾಗಕ್ಕೂ ಬಿಟ್ಟುಕೊಡುತ್ತಿರಲಿಲ್ಲ. ಅದೇ ನನ್ನ ಕಷ್ಟ. ಗೇಜ್ ರೂಮಿನ ಮುಖ್ಯಸ್ಥರು ತೀರ ಬೇರೆ. ಮೆಲ್ಲಗೆ ಮಾತು. ಕ್ಯಾಂಟೀನಿನ ಹುಡುಗನಿಂದ ಹಿಡಿದು ಎಲ್ಲರಿಗೂ "ನೀವು". ಕಾಫಿಗೆ ಸಕ್ಕರೆ ಹಾಕುವಾಗಲೂ ಚಮಚ ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಿದ್ದರು ಎಂದು ಹೇಳುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡಿಲ್ಲ.

ಆಗ ನನಗೊಂದು ಬುದ್ಧಿವಂತಿಕೆ ಹೊಳೆಯಿತು. ಅರ್ಜಿಯಲ್ಲಿ ನಾಲ್ಕೇ ಸಾಲು ಬರೆದೆ. ಅದರ ಜೊತೆಗೆ ಇಬ್ಬರು ಮುಖ್ಯಸ್ಥರಿಗೂ ಬೇರೆ ಬೇರೆಯಾಗಿ ಒಂದೊಂದು ವಿವರಣೆ ಬರೆದು, ಒಂದೊಂದನ್ನು ಅವರವರ ಕೈಗೇ ಕೊಟ್ಟೆ. ಎಲ್ಲವೂ ಇಂಗ್ಲಿಷಿನಲ್ಲಿ, ಆ ಕಾಲದ ಉದ್ದುದ್ದ ವಾಕ್ಯಗಳಲ್ಲಿ.

ಯಜಮಾನರಿಗೆ ಬರೆದದ್ದರ ಸಾರ ಹೀಗೆ: ನಾನು ಹೋದರೆ ವಿಭಾಗಕ್ಕೆ ಯಾವ ನಷ್ಟವೂ ಇಲ್ಲ. ನಾನು ಮಾಡುತ್ತಿರುವ ಕೆಲಸ ತುಂಬಾ ಸರಳ, ಯಾರಾದರೂ ಅರ್ಧ ದಿನದಲ್ಲಿ ಕಲಿಯಬಹುದು. ನನ್ನಲ್ಲಿ ಈ ಕೆಲಸಕ್ಕೆ ಬೇಕಾದ ಚುರುಕೂ ಇಲ್ಲ, ಓಡಾಡುವ ಶಕ್ತಿಯೂ ಕಡಿಮೆ. ನನ್ನ ಜಾಗಕ್ಕೆ ಯಾರೇ ಬಂದರೂ ವಿಭಾಗ ಮೊದಲಿಗಿಂತ ಚೆನ್ನಾಗಿ ನಡೆಯುತ್ತದೆ.

ಗೇಜ್ ರೂಮಿನವರಿಗೆ ಬರೆದದ್ದು: ನಾನು ಈಗ ಅತ್ಯಂತ ಹೊಣೆಯ ಕೆಲಸದಲ್ಲಿದ್ದೇನೆ. ಇನ್ನೂರು ಕಾರ್ಡುಗಳ ಭಾರ ನನ್ನೊಬ್ಬನ ಮೇಲಿದೆ. ನನ್ನ ಚುರುಕುತನ, ನಿಖರತೆ, ದಣಿವರಿಯದ ದುಡಿಮೆಯಿಂದ ಶನಿವಾರದ ಸಭೆ ಸಾಂಗವಾಗಿ ನಡೆಯುತ್ತಿದೆ. ನಾನು ಹೊರಟರೆ ಪ್ರೋಗ್ರೆಸ್ ವಿಭಾಗಕ್ಕೆ ತುಂಬಲಾರದ ನಷ್ಟ. ಆದರೂ ನಿಖರತೆಯ ಮೇಲಿನ ಪ್ರೀತಿಯಿಂದ ಬರಲು ಸಿದ್ಧನಿದ್ದೇನೆ.

ಎರಡನ್ನೂ ಒಂದೇ ಸಂಜೆ, ಒಂದೇ ಪೆನ್ನಿನಿಂದ ಬರೆದೆ. ಬರೆಯುವಾಗ ನಾಚಿಕೆಯಾಗಲಿಲ್ಲ. ಚೆನ್ನಾಗಿ ಬಂದಿದೆ ಎಂದೇ ಅನ್ನಿಸಿತು. ಯಾರೋ ಹೇಳಿದ್ದನ್ನು ಬರೆಯುವುದು ಬೇಸರವಾಗಿ, ಅಳೆದದ್ದನ್ನು ಬರೆಯುವ ಕಡೆ ಹೋಗಬೇಕೆಂದವನು ಅದಕ್ಕಾಗಿ ಬರೆದ ಎರಡು ಹಾಳೆಗಳಲ್ಲಿ ಒಂದೂ ಅಳತೆಗೆ ನಿಲ್ಲುವಂಥದ್ದಲ್ಲ ಎಂಬುದು ಆವತ್ತು ತಲೆಗೆ ಹೋಗಲಿಲ್ಲ.

ಒಂದು ವಾರ ಕಳೆದ ಮೇಲೆ ಎಸ್ಟಾಬ್ಲಿಷ್‌ಮೆಂಟಿನ ಗುಮಾಸ್ತರು ಕ್ಯಾಂಟೀನಿನಲ್ಲಿ ಸಿಕ್ಕರು. ನೌಕರರ ಕಾಗದಗಳೆಲ್ಲ ಅವರ ಕೈಯಲ್ಲಿ. ಹುಣಸಮಾರನಹಳ್ಳಿಯ ಹಿರಿಯರು, ಕಿವಿಯ ಮೇಲೆ ಯಾವಾಗಲೂ ಒಂದು ಕೆಂಪು ಪೆನ್ಸಿಲು. ಇಡ್ಲಿ ಮುರಿಯುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನ್ ಸ್ವಾಮಿ, ನಿಮ್ಮಂಥೋರು ಇಬ್ಬರು ಅವ್ರಾ ನಮ್ಮ ಕಾರ್ಖಾನೇಲಿ?"

"ಯಾಕೆ?"

"ಮೂರನೇ ಪುಟದಾಗೆ ಒಬ್ರು ಅವ್ರೆ, ಬಲು ಸೋಮಾರಿ. ನಾಕನೇ ಪುಟದಾಗೆ ಇನ್ನೊಬ್ರು, ಬೋ ಶ್ಯಾಣೆ. ಹೆಸ್ರು ಒಂದೇ, ರುಜುನೂ ಒಂದೇ. ನಂಗೆ ಅನುಮಾನ ಬಂದು ಎರಡು ಸಲ ನೋಡ್ದೆ."

ನನ್ನ ಕೈಯಲ್ಲಿದ್ದ ಕಾಫಿಲೋಟ ಅಲ್ಲೇ ನಿಂತಿತು.

ಆದದ್ದೇನೆಂದರೆ, ನಾನು ತಿಳಿದಿದ್ದಂತೆ ಆ ಹಾಳೆಗಳು ಅವರವರ ಡ್ರಾಯರಿನಲ್ಲಿ ಉಳಿಯಲಿಲ್ಲ. ರುಜು ಇರುವ ಯಾವ ಕಾಗದವನ್ನೂ ಮುಖ್ಯಸ್ಥರು ತಮ್ಮ ಹತ್ತಿರ ಇಟ್ಟುಕೊಳ್ಳುತ್ತಿರಲಿಲ್ಲ. ಸಂಜೆ ಟ್ರೇಯಲ್ಲಿ ಹಾಕಿದರೆ ಅದು ಎಸ್ಟಾಬ್ಲಿಷ್‌ಮೆಂಟಿಗೆ ಹೋಗುತ್ತಿತ್ತು. ಅಲ್ಲಿ ಒಂದು ವಿಷಯಕ್ಕೆ ಒಂದೇ ಕಡತ. ಆ ವಿಷಯದ ಕಾಗದ ಎಲ್ಲಿಂದ ಬಂದರೂ ಬಂದ ಕ್ರಮದಲ್ಲಿ ದಾರಕ್ಕೆ ಪೋಣಿಸಿ ಕೆಂಪು ಪೆನ್ಸಿಲಿನಿಂದ ಪುಟಸಂಖ್ಯೆ ಹಾಕುತ್ತಾರೆ. ಅರ್ಜಿ ಒಂದನೆಯ ಪುಟ, ನನ್ನ ಸೇವಾ ವಿವರ ಎರಡು, ಯಜಮಾನರಿಗೆ ಕೊಟ್ಟದ್ದು ಮೂರು, ಗೇಜ್ ರೂಮಿನವರಿಗೆ ಕೊಟ್ಟದ್ದು ನಾಲ್ಕು. ಎರಡು ವರ್ಷ ಕಾಗದಗಳ ನಡುವೆಯೇ ಕೆಲಸ ಮಾಡಿಯೂ ಒಂದು ಕಾಗದ ಹೇಗೆ ನಡೆಯುತ್ತದೆ ಎಂದು ನಾನು ಒಮ್ಮೆಯೂ ವಿಚಾರಿಸಿರಲಿಲ್ಲ. ಶಾಫ್ಟು ಎಲ್ಲಿ ಹೋಗುತ್ತದೆ ಎಂದು ಮಾತ್ರ ಗೊತ್ತಿತ್ತು.

"ಅಣ್ಣ, ಒಂದು ಹಾಳೆ ವಾಪಸ್ ಕೊಟ್ಬಿಡಿ" ಎಂದೆ. ಅಲ್ಲಿಯವರೆಗೆ ಅವರನ್ನು ನಾನು ಅಣ್ಣ ಎಂದು ಕರೆದವನಲ್ಲ.

"ನಂಬರ್ ಆಕ್ಬುಟ್ಟಿದೀನಲ್ಲ ಸ್ವಾಮಿ. ನಾಕು ಕಿತ್ರೆ ಐದು ಅಂಗೇ ನಿಂತ್ಕತದೆ. ನಾಳೆ ಆಡಿಟ್‌ನೋರು ಬಂದು ನಾಕೆಲ್ಲಿ ಅಂದ್ರೆ ನಾನು ಇಡ್ಲಿ ತಿಂದೆ ಅನ್ಲಾ?"

"ಐದನೇ ಪುಟ ಏನಿದೆ?"

"ಇನ್ನೂ ಏನಿಲ್ಲ. ಕಡತ ಅಭಿಪ್ರಾಯಕ್ಕೆ ಓಗ್ಯದೆ. ಮೊದ್ಲು ನಿಮ್ಮ ಯಜಮಾನ್ರ ಮೇಜಿಗೆ, ಆಮೇಲೆ ಗೇಜ್ ರೂಮಿಗೆ." ಕೊನೆಯ ಇಡ್ಲಿ ಬಾಯಿಗೆ ಹಾಕಿಕೊಂಡು ಸಮಾಧಾನ ಹೇಳಿದರು. "ಓದ್ತಾರೋ ಇಲ್ವೋ. ದೊಡ್ಡೋರು ಎಲ್ಲಾ ಓದಲ್ಲ, ಸ್ವಾಮಿ. ಆದ್ರೆ ನಿಮ್ದು ಓದಾಕೆ ಬಲು ಚೆನ್ನಾಗದೆ."

ಆಮೇಲಿನ ನಾಲ್ಕು ದಿನವೋ ಐದು ದಿನವೋ ಯಜಮಾನರು ನನ್ನೊಂದಿಗೆ ಎಂದಿನಂತೆಯೇ ಇದ್ದರು. ಅದೇ ಹೆಚ್ಚು ಹೆದರಿಕೆ. ಗೆಳೆಯನಿಗೆ ಎಲ್ಲ ಹೇಳಿದ ಮೇಲೆ ಅವನು ಪ್ರತಿದಿನ ಬೆಳಿಗ್ಗೆ, "ಇವತ್ತು ಮೂರನೇ ಪುಟ ಬಂದಿದೀಯೋ ನಾಲ್ಕನೇ ಪುಟ ಬಂದಿದೀಯೋ?" ಎಂದು ಕೇಳತೊಡಗಿದ. ನಾನು ಕಾರ್ಡು ಹಿಡಿದು ಎದ್ದರೆ, "ಬೇಡ ಬೇಡ, ನಿಂಗೆ ಓಡಾಡೋ ಶಕ್ತಿ ಕಮ್ಮಿ" ಎಂದು ಕುರ್ಚಿ ಎಳೆದು ಕೊಡುತ್ತಿದ್ದ. ಇತ್ತ ತಿಂಗಳು ಮುಗಿಯಲು ಒಂದು ವಾರವೂ ಉಳಿದಿರಲಿಲ್ಲ. ಅರ್ಜಿಯನ್ನು ವಾಪಸು ಪಡೆದರೆ ಅವಮಾನವಾದರೂ ತಪ್ಪುತ್ತದೆ ಎಂದು ಒಂದು ಬೆಳಿಗ್ಗೆ ನಿರ್ಧರಿಸಿದೆ. ಮಧ್ಯಾಹ್ನಕ್ಕೆ ಬಿಟ್ಟುಬಿಟ್ಟೆ. ಆವತ್ತು ಒಂದೇ ಶಾಪಿನಲ್ಲಿ ನಲವತ್ತು ನಾಳೆ ಬರೆದಿದ್ದೆ.

ಕೊನೆಗೆ ಒಂದು ಚೀಟಿ ಬಂತು. ಹತ್ತು ಗಂಟೆಗೆ ಗೇಜ್ ರೂಮಿನ ಮುಂದಿನ ಕೋಣೆಗೆ ಬರಬೇಕು, ಇಬ್ಬರು ಮುಖ್ಯಸ್ಥರೂ ಇರುತ್ತಾರೆ ಎಂದಿತ್ತು.

ಹೋದೆ. ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ಬಿಟ್ಟೆ. ಅದು ಹೊರಕೋಣೆ, ಬಿಡಬೇಕಾಗಿರಲಿಲ್ಲ. ಬರಿಗಾಲಿನಲ್ಲಿ ನಿಂತ ನನ್ನನ್ನು ನೋಡಿ ಯಜಮಾನರು, "ಏನಯ್ಯ, ಹರಕೆ ಹೊತ್ಕೊಂಡು ಬಂದೆಯಾ?" ಎಂದರು. ಇದು ನಡೆದದ್ದೇ. ಕಾಲಿಗೆ ತಾಗಿದ ನೆಲದ ತಂಪು ಈಗಲೂ ನೆನಪಿದೆ. ಆದರೆ ಕಾಲಿನ ನೆನಪನ್ನು ಎಷ್ಟು ನಂಬಬಹುದೋ!

ಮೇಜಿನ ಮೇಲೆ ಕಡತ ಇತ್ತು. ಗೇಜ್ ರೂಮಿನವರು ಅದನ್ನು ನನ್ನ ಕಡೆಗೆ ತಿರುಗಿಸಿದರು.

"ಕೂತ್ಕೊಳ್ಳಿ. ಮೂರನೇ ಪುಟ ಸ್ವಲ್ಪ ಓದ್ತೀರಾ? ಗಟ್ಟಿಯಾಗಿ."

ಓದಿದೆ. ನನ್ನ ಸೋಮಾರಿತನ, ಚುರುಕಿಲ್ಲದಿರುವುದು, ಅರ್ಧ ದಿನದಲ್ಲಿ ಕಲಿಯಬಹುದಾದ ಕೆಲಸ. ಇಂಗ್ಲಿಷಿನಲ್ಲಿ ಬರೆದಾಗ ಚೆಂದವಾಗಿ ಕಂಡಿದ್ದು ಬಾಯಲ್ಲಿ ಬಂದಾಗ ತೀರ ದರಿದ್ರವಾಗಿತ್ತು.

"ಈಗ ನಾಲ್ಕು."

ಓದಿದೆ. ತುಂಬಲಾರದ ನಷ್ಟ ಎಂಬ ಮಾತು ಬಂದಾಗ ಯಜಮಾನರು ಕೈ ಎತ್ತಿ ನಿಲ್ಲಿಸಿದರು.

"ತಡಿ, ತಡಿ. ಅದೊಂದು ಸಾಲು ಇನ್ನೊಂದ್ಸಲ."

"ನಾನು ಹೊರಟರೆ ಪ್ರೋಗ್ರೆಸ್ ವಿಭಾಗಕ್ಕೆ ತುಂಬಲಾರದ ನಷ್ಟ."

"ಎರಡು ವರ್ಷದಿಂದ ನಂಗೆ ಯಾರೂ ಹೇಳೇ ಇಲ್ಲವಲ್ಲಯ್ಯ! ಗೊತ್ತಿದ್ರೆ ಹಾರ ಹಾಕಿ ಕೂರಿಸ್ತಿದ್ದೆ."

ಯಾರೋ ನಕ್ಕರು. ಹೇಳಿದೆನಲ್ಲ, ಯಾರೆಂದು ಖಾತ್ರಿಯಿಲ್ಲ.

ಗೇಜ್ ರೂಮಿನವರು ಮೆಲ್ಲಗೆ ಕೇಳಿದರು. "ಒಂದೇ ವಸ್ತುವನ್ನ ಎರಡು ಸಲ ಅಳೆದಿದೀರಿ. ಇಷ್ಟು ವ್ಯತ್ಯಾಸ ಬಂದ್ರೆ ನಾವು ಏನಂದ್ಕೊಳ್ಳಬೇಕು?"

"ಎರಡೂ ತಪ್ಪು ಅಂತ, ಸಾರ್."

"ವಸ್ತು ತಪ್ಪೋ, ಅಳೆದದ್ದು ತಪ್ಪೋ?"

"ಅಳೆದದ್ದು, ಸಾರ್. ಯಾರಿಗೆ ಎಷ್ಟು ಬೇಕೋ ಅಷ್ಟು ಬರೋ ಹಾಗೆ ಅಳೆದೆ."

"ನಮ್ಮ ಫೋರ್‌ಮನ್‌ಗಳೂ ಹಾಗೇ ಅಲ್ವೇನಯ್ಯ?" ಎಂದರು ಯಜಮಾನರು. "ಅವರು ನಾಳೆ ಅಂತಾರೆ ಅಂತ ನೀನು ಮೂಗು ಮುರೀತೀಯ. ನಿನ್ನ ಕಾಗದಕ್ಕಿಂತ ಅವರ ನಾಳೇನೇ ವಾಸಿ. ಅವರು ಎಲ್ಲರಿಗೂ ಒಂದೇ ನಾಳೆ ಹೇಳ್ತಾರೆ."

ನಾನು ಕಡತವನ್ನು ಮುಚ್ಚಿದೆ.

ಮುಂದೆ ನಾನು ಮಾತಾಡಿದ್ದನ್ನು ಒಂದೊಂದು ಸಲ ಒಂದೊಂದು ಥರ ಹೇಳಿದ್ದೇನೆ. ಕೆಲವು ಸಲ ಅದು ನ್ಯಾಯಾಲಯದ ವಾದದಂತೆ ಬೆಳೆದಿದೆ. ನಿಜವಾಗಿ ನಾಲ್ಕು ಮಾತು ಬಂದಿದ್ದರೆ ಹೆಚ್ಚು. ಮೂರನೇ ಪುಟದಲ್ಲಿ ಒಂದು ನಿಜ ಇದೆ, ನನಗೆ ಈ ಕೆಲಸ ಇಷ್ಟವಿಲ್ಲದ್ದರಿಂದ ಅದನ್ನು ಕೆಟ್ಟದಾಗಿ ಮಾಡುತ್ತಿದ್ದೇನೆ ಎಂದೆ. ನಾಲ್ಕನೇ ಪುಟದಲ್ಲೂ ಒಂದು ನಿಜ ಇದೆ, ಗೇಜ್ ರೂಮಿಗೆ ಬರಲು ಸಿದ್ಧನಿದ್ದೇನೆ ಎಂಬುದು. ಉಳಿದದ್ದನ್ನು ಹೊಡೆದುಹಾಕಿ ಎಂದೆ.

"ಸರಿ, ನೀನು ಹೋದ್ಮೇಲೆ ಇನ್ನೂರು ಕಾರ್ಡು ಯಾರು ನೋಡ್ತಾರೆ? ಅದು ಹೇಳು ಮೊದ್ಲು" ಎಂದರು ಯಜಮಾನರು. ಧ್ವನಿಯಲ್ಲಿ ಈಗ ತಮಾಷೆಯಿರಲಿಲ್ಲ. "ಆಷಾಢಕ್ಕೆ ಮುಂಚೆ ಪಂಪಿನ ಆರ್ಡರು ಹೋಗ್ಬೇಕು. ಬದಲಿ ಇಲ್ದೆ ಒಂದು ಪಿಳ್ಳೇನೂ ಬಿಡಲ್ಲ ನಾನು."

ನಿಜಕ್ಕೂ ಕೇಳಬೇಕಾದ ಪ್ರಶ್ನೆ ಅದೊಂದೇ ಆಗಿತ್ತು. ನನ್ನ ಎರಡು ವಿವರಣೆಗಳಲ್ಲೂ ಅದಕ್ಕೆ ಉತ್ತರವಿರಲಿಲ್ಲ. ಅರ್ಧ ದಿನದಲ್ಲಿ ಯಾರಾದರೂ ಕಲಿಯಬಹುದು ಎಂದು ಬರೆದವನು ಆ ಯಾರಾದರೂ ಯಾರು ಎಂದು ಯೋಚಿಸಿರಲಿಲ್ಲ. ಅಲ್ಲೇ ಕೂತು ಯೋಚಿಸಿದೆ. ಯಲಹಂಕದ ಗೆಳೆಯನ ಹೆಸರು ಹೇಳಿದೆ. ಅವನ ಅರ್ಧದಷ್ಟು ಕಾರ್ಡುಗಳು ಮುಗಿದ ಆರ್ಡರಿನವು, ಅವನಿಗೆ ಫೋರ್‌ಮನ್‌ಗಳೆಲ್ಲ ಸ್ನೇಹಿತರು. ನನ್ನ ಕಾರ್ಡುಗಳನ್ನು ಒಂದೊಂದಾಗಿ ಅವನ ಜೊತೆ ಶಾಪಿಗೆ ಹೋಗಿ ತೋರಿಸಿಕೊಡುತ್ತೇನೆ. ಹದಿನೈದು ದಿನ ಬೇಕು, ಅರ್ಧ ದಿನವಲ್ಲ. ಪಂಪಿನ ಆರ್ಡರಿನ ಶಾಫ್ಟುಗಳು ಗ್ರೈಂಡಿಂಗ್ ದಾಟುವವರೆಗೂ ಬೆಳಿಗ್ಗೆ ಒಂದು ಗಂಟೆ ಪ್ರೋಗ್ರೆಸ್ಸಿಗೆ ಬಂದು ಹೋಗುತ್ತೇನೆ ಎಂದೆ.

"ಹದಿನೈದು ದಿನ" ಎಂದು ಯಜಮಾನರು ಗೇಜ್ ರೂಮಿನವರ ಕಡೆ ನೋಡಿದರು. "ಮೊದಲನೇ ಸಲ ಈ ಬಾಯಲ್ಲಿ ಒಂದು ಅಂಕಿ ನೆಟ್ಟಗೆ ಬಂತು."

ಗೇಜ್ ರೂಮಿನವರು ಕೇಳಿದರು. "ಇನ್ನೊಂದು ವಿಷಯ ಗೊತ್ತಾ? ಸ್ವಂತ ಕೋರಿಕೆ ಮೇಲೆ ಬಂದ್ರೆ ಇಲ್ಲಿಯ ಹಿರಿತನದ ಪಟ್ಟಿಯಲ್ಲಿ ಕೊನೇಗೆ ಸೇರ್ತೀರಿ. ಅಲ್ಲಿ ದುಡಿದ ಎರಡು ವರ್ಷ ಬಡ್ತಿಗೆ ಲೆಕ್ಕಕ್ಕೆ ಬರಲ್ಲ. ನಿಮ್ಮ ನಂತರ ಕಾರ್ಖಾನೆಗೆ ಸೇರಿದೋರು ನಿಮಗಿಂತ ಮೊದಲು ಮೇಲೆ ಹೋಗ್ತಾರೆ. ಜೊತೆಗೆ ಮೂರು ತಿಂಗಳು ಪರೀಕ್ಷೆಯ ಮೇಲೆ."

ಗೊತ್ತು ಎಂದೆ. ಗೊತ್ತಿರಲಿಲ್ಲ. ಆ ಕೋಣೆಯಲ್ಲಿ ಸತ್ಯ ಹೇಳಲು ಶುರು ಮಾಡಿದ ಮೇಲೆ ಹೇಳಿದ ಮೊದಲ ಸುಳ್ಳು ಅದು. ಮುಂದೆ ಏಳು ವರ್ಷ ಬಡ್ತಿಯಿಲ್ಲದೆ ಅದರ ಬೆಲೆ ತೆತ್ತೆ.

ಆಮೇಲೆ ಅವರು ನನ್ನ ಕೈಗೆ ಒಂದು ಉಕ್ಕಿನ ಪಿನ್ನನ್ನೂ ಮೈಕ್ರೊಮೀಟರನ್ನೂ ಕೊಟ್ಟು, "ಮೂರು ಸಲ ಅಳೆದು ಬರೀರಿ" ಎಂದರು. ಇದು ಆ ದಿನವೇ ನಡೆಯಿತೋ ನಾನು ಸೇರಿದ ಮೊದಲ ದಿನ ನಡೆಯಿತೋ ಹೇಳಲಾರೆ. ಎರಡೂ ದಿನ ಅದೇ ಮೇಜು, ಅದೇ ಮೆಲುದನಿ. ಅಳೆದೆ. ಎರಡು ಸಲ ಅರ್ಧ ಇಂಚಿಗಿಂತ, ಇಂಚಿನ ಸಾವಿರ ಭಾಗಗಳಲ್ಲಿ ಎರಡು ಭಾಗ ಹೆಚ್ಚು ಬಂತು. ಮೂರನೆಯ ಸಲ ಒಂದೂವರೆ. ಮೂರನ್ನೂ ಬರೆದು ಕೊಟ್ಟೆ.

"ಮೂರನೇದನ್ನ ಎರಡು ಅಂತ ಬರೀಬಹುದಿತ್ತಲ್ಲ. ಯಾರು ನೋಡ್ತಿದ್ರು?"

"ಬಂದಿದ್ದು ಒಂದೂವರೆ, ಸಾರ್."

"ಮೂರನೇ ಸಲ ಬಿಗಿಯಾಗಿ ತಿರುಗಿಸಿದಿರಿ, ಅದಕ್ಕೆ. ಕೈ ನಡುಗಿತು" ಎಂದು ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಅವರು ಆ ಹಾಳೆಯನ್ನು ಕಡತಕ್ಕೆ ಕಳಿಸದೆ ಜೇಬಿಗೆ ಹಾಕಿಕೊಂಡದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಸ್ಪಷ್ಟವಾಗಿ ನೆನಪಿರುವುದನ್ನೇ ನಾನು ಹೆಚ್ಚು ಅನುಮಾನಿಸುತ್ತೇನೆ.

"ಹೋಗಯ್ಯ, ಹೋಗು. ನಾವು ಮಾತಾಡ್ಕೊಂಡು ನೋಡ್ತೀವಿ" ಎಂದರು ಯಜಮಾನರು. ಬಾಗಿಲಿಗೆ ಹೋದಾಗ ಮತ್ತೆ ಕೂಗಿದರು. "ಚಪ್ಪಲಿ!"

ನಾನು ಬರಿಗಾಲಿನಲ್ಲೇ ಹೊರಟಿದ್ದೆ.

ಮೇಜಿಗೆ ಬಂದಾಗ ಗೆಳೆಯ ಕಾಯುತ್ತಿದ್ದ. ನಡೆದದ್ದನ್ನೆಲ್ಲ ಹೇಳಿದೆ. ಅವನ ಹೆಸರು ಹೇಳಿದ್ದನ್ನು ಕೊನೆಗೆ ಹೇಳಿದೆ, ತೀರ ಮೆಲ್ಲಗೆ.

"ನನ್ನ ತಲೆ ಮೇಲೆ ಇನ್ನೂರು ಕಾರ್ಡು ಹಾಕಿ ನೀನು ತಣ್ಣಗೆ ಕೂತ್ಕೋತೀಯಾ ಮಗಾ?"

"ಅದೆಲ್ಲ ಅರ್ಧ ದಿನದ ಕೆಲಸ ಕಣೋ" ಎಂದೆ.

ಅವನು ಕೈಯಲ್ಲಿದ್ದ ಕಾರ್ಡಿನ ಕಟ್ಟಿನಿಂದ ನನ್ನ ತಲೆಗೆ ಹೊಡೆದ. ಕೆಲಸವನ್ನು ಮಾತ್ರ ವಹಿಸಿಕೊಂಡ. ಅವನು "ನಾಳೆ" ಬರೆಯುವುದನ್ನೇ ಬಿಟ್ಟು ಫೋರ್‌ಮನ್ನರ ಜೊತೆ ಬೀಡಿ ಸೇದುತ್ತ ನಿಜವಾದ ದಿನವನ್ನು ಬಾಯಿ ಬಿಡಿಸುತ್ತಿದ್ದ ಎಂದು ಆಮೇಲೆ ತಿಳಿಯಿತು. ಎರಡು ವರ್ಷ ಹಾಗೊಂದು ಉಪಾಯವಿರಬಹುದು ಎಂದು ನನಗೆ ಹೊಳೆದಿರಲಿಲ್ಲ. ನಾನು ಹೋದದ್ದರಿಂದ ವಿಭಾಗ ಮೊದಲಿಗಿಂತ ಚೆನ್ನಾಗಿ ನಡೆಯಿತು ಎಂಬಷ್ಟರ ಮಟ್ಟಿಗೆ ನನ್ನ ಮೂರನೇ ಪುಟ ಪೂರ್ತಿ ಸುಳ್ಳಾಗಲಿಲ್ಲ.

ತಿಂಗಳು ಮುಗಿಯಲು ಎರಡು ದಿನ ಇರುವಾಗ ಆಜ್ಞೆ ಬಂತು. ಗುಮಾಸ್ತರೇ ತಂದುಕೊಟ್ಟರು. "ಇಬ್ಬರಲ್ಲಿ ಯಾರನ್ನ ಕಳಿಸ್ತೀರೋ ನೋಡ್ಕಳಿ ಸ್ವಾಮಿ, ಆರ್ಡರು ಒಂದೇ ಅದೆ" ಎಂದರು. ನಾನು ಅಲ್ಲಿ ಇಪ್ಪತ್ತೊಂಬತ್ತು ವರ್ಷ ಅಳೆದೆ. ಪ್ರತಿ ಬೇಸಿಗೆಯಲ್ಲೂ ನನಗೆ ನೆಗಡಿಯಾಗುತ್ತಿತ್ತು.

ಆ ಇಪ್ಪತ್ತೊಂಬತ್ತು ವರ್ಷವೂ ನಾನೊಂದು ಮಾತನ್ನು ನಂಬಿದ್ದೆ. ನಂಬಿಕೆ ನನಗೆ ಅಪರೂಪ. ಆದ್ದರಿಂದ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ. ಆ ಕೋಣೆಯಲ್ಲಿ ನಾನು ನಾಚಿಕೆ ಬಿಟ್ಟು ನಿಜ ಹೇಳಿದ್ದರಿಂದ, ಬದಲಿಯನ್ನು ಅಲ್ಲೇ ಕೂತು ಹುಡುಕಿ ಕೊಟ್ಟಿದ್ದರಿಂದ, ಆ ಇಬ್ಬರ ಮನಸ್ಸು ತಿರುಗಿತು ಎಂಬ ನಂಬಿಕೆ. ಹೊಸದಾಗಿ ಸೇರಿದವರಿಗೆ ಇದನ್ನೊಂದು ನೀತಿಯಂತೆಯೂ ಹೇಳಿದ್ದುಂಟು.

ನಾನು ನಿವೃತ್ತನಾಗುವ ವರ್ಷ ಸೇವಾ ದಾಖಲೆಗಳನ್ನು ಸರಿನೋಡಿ ರುಜು ಹಾಕಲು ಎಸ್ಟಾಬ್ಲಿಷ್‌ಮೆಂಟಿಗೆ ಕರೆದರು. ಗುಮಾಸ್ತರು ತೀರಿಹೋಗಿ ಬಹಳ ಕಾಲವಾಗಿತ್ತು. ಅವರ ಜಾಗದಲ್ಲಿದ್ದ ಹುಡುಗಿ ಹಳೆಯ ಕಟ್ಟುಗಳನ್ನು ಮುಂದಿಟ್ಟು, "ಬೇಗ ನೋಡಿ ಸಾರ್, ಇವೆಲ್ಲ ರದ್ದಿಗೆ ಹೋಗುತ್ತೆ" ಎಂದಳು. ವರ್ಗದ ಕಡತ ಅದರಲ್ಲಿತ್ತು. ಮೂರು, ನಾಲ್ಕು ಇದ್ದವು. ಮತ್ತೊಮ್ಮೆ ಓದುವ ಧೈರ್ಯವಾಗಲಿಲ್ಲ, ಪುಟ ತಿರುಗಿಸಿದೆ. ಐದನೆಯದರಲ್ಲಿ ಇಬ್ಬರು ಮುಖ್ಯಸ್ಥರ ಅಭಿಪ್ರಾಯ ಒಂದರ ಕೆಳಗೊಂದು. ಬಿಟ್ಟುಕೊಡಬಹುದು, ಬದಲಿ ಸಿದ್ಧವಿದೆ ಎಂದು ಯಜಮಾನರು. ಮೂರು ತಿಂಗಳ ಪರೀಕ್ಷೆಯ ಮೇಲೆ ತೆಗೆದುಕೊಳ್ಳಬಹುದು ಎಂದು ಗೇಜ್ ರೂಮಿನವರು. ಆರನೆಯ ಪುಟ ನನ್ನನ್ನು ಹತ್ತು ಗಂಟೆಗೆ ಕರೆದ ಚೀಟಿಯ ನಕಲು. ನನ್ನ ಕಣ್ಣನ್ನು ನಾನು ನಂಬುವವನಲ್ಲವಾದ್ದರಿಂದ ಕನ್ನಡಕ ಒರೆಸಿ ನೋಡಿದೆ, ಆ ಹುಡುಗಿಯಿಂದಲೂ ಓದಿಸಿದೆ. ಐದನೆಯ ಪುಟದಲ್ಲಿ ಇಬ್ಬರೂ ರುಜು ಹಾಕಿದ್ದು, ನನ್ನನ್ನು ಆ ಕೋಣೆಗೆ ಕರೆಸಿದ ದಿನಕ್ಕಿಂತ ಒಂದು ದಿನ ಮೊದಲು.